ಶ್ರೇಣಿಯ ನಡುಬಿಂದು ಮತ್ತು ಹೊಸಬರ ಸಂಬಳ

ಚೋರನೂರು ಕಡೆಯಿಂದ ಇಂಜಿನಿಯರಿಂಗ್ ಮುಗಿಸಿ ಬಂದವರಿಗೆ ಸಂಡೂರು ತಾಲ್ಲೂಕಿನೊಳಗೇ ಎರಡು ಬಗೆಯ ಸಂಬಳ ಪದ್ಧತಿಗಳು ಸಿಗುತ್ತವೆ. ದೋಣಿಮಲೈಯ ಎನ್‌ಎಂಡಿಸಿ ಗಣಿ ಕೇಂದ್ರ ಸರ್ಕಾರದ ಉದ್ಯಮ. ಅಲ್ಲಿನ ಅಧಿಕಾರಿಗಳ ಶ್ರೇಣಿ ಎಲ್ಲರಿಗೂ ಗೊತ್ತಿರುವಂಥದ್ದು. ತೋರಣಗಲ್ಲಿನ ಸುತ್ತಲಿನ ಖಾಸಗಿ ಕಾರ್ಖಾನೆಗಳಲ್ಲಿ ಶ್ರೇಣಿ ಇದ್ದರೂ ಅದು ಸಾಮಾನ್ಯವಾಗಿ ಎಚ್‌ಆರ್ ಕಂಪ್ಯೂಟರಿನೊಳಗೇ ಉಳಿಯುತ್ತದೆ.

ಮೊದಲು ಸರ್ಕಾರಿ ಶ್ರೇಣಿ ನೋಡೋಣ. ಕೇಂದ್ರ ಸಾರ್ವಜನಿಕ ಉದ್ಯಮಗಳಲ್ಲಿ 2017ರ ಜನವರಿ 1ರಿಂದ ಜಾರಿಯಾದ ಇ-1 ಶ್ರೇಣಿಯ ಮೂಲ ವೇತನ 40,000ದಿಂದ 1,40,000 ರೂಪಾಯಿ. ನಡುಬಿಂದು, ಅಂದರೆ ಮಿಡ್‌ಪಾಯಿಂಟ್, 90,000. ಹೊಸಬರು ಸಾಮಾನ್ಯವಾಗಿ ತಳದಲ್ಲೇ ಸೇರುತ್ತಾರೆ. ವರ್ಷಕ್ಕೆ ಶೇ 3ರ ಇಂಕ್ರಿಮೆಂಟ್‌ನಲ್ಲೇ ಸಾಗಿದರೆ 40,000 ರೂಪಾಯಿ 90,000 ಆಗಲು 27 ವರ್ಷ ದಾಟುತ್ತದೆ. ತುದಿ ಮುಟ್ಟಲು 42 ವರ್ಷವೂ ಸಾಲದು. ಅಷ್ಟರೊಳಗೆ ಒಂದೋ ಬಡ್ತಿ, ಇಲ್ಲವೇ ನಿವೃತ್ತಿ. ಯಾರ ಸಂಬಳವೂ ಶ್ರೇಣಿಯ ತುದಿಗೆ ಬಡಿದು ನಿಂತುಬಿಡಬಾರದೆಂದು ಇದನ್ನು ಇಷ್ಟು ಉದ್ದ ಇಟ್ಟಿದ್ದಾರೆ. ಹಾಗಾಗಿ ಇಲ್ಲಿ ನಡುಬಿಂದು ಹೆಸರಿಗೆ ಮಾತ್ರ.

ಖಾಸಗಿಯಲ್ಲಿ ಅದೇ ಅಳತೆಗೋಲು. ಪೇಟೆಯಲ್ಲಿ ಆ ಕೆಲಸಕ್ಕೆ ನಡೆಯುತ್ತಿರುವ ಸಂಬಳ ನೋಡಿ, ಕೆಲಸವನ್ನು ಪೂರ್ತಿ ಬಲ್ಲವರಿಗೆ ಇಷ್ಟು ಕೊಡುತ್ತೇವೆಂದು ಕಂಪನಿ ನಡುಬಿಂದುವನ್ನು ಗೊತ್ತುಮಾಡಿಕೊಳ್ಳುತ್ತದೆ. ಅದರ ಶೇ 80 ತಳ, ಶೇ 120 ತುದಿ ಎಂದಿಡುವುದು ಸಾಮಾನ್ಯ ರೂಢಿ. ಒಬ್ಬರ ಸಂಬಳವನ್ನು ನಡುಬಿಂದುವಿನಿಂದ ಭಾಗಿಸಿದರೆ ಬರುವುದೇ ಕಾಂಪಾ-ರೇಶಿಯೊ. ಅದು 1 ಇದ್ದರೆ ಸಂಬಳ ನಡುಬಿಂದುವಿಗೆ ಸರಿಯಾಗಿದೆ ಎಂದರ್ಥ. 0.80ರ ಆಸುಪಾಸು ಕಲಿಯುವವರ ಜಾಗ, 1.10 ದಾಟಿದವರು ಅಪರೂಪದ ಕೌಶಲದವರು ಅಥವಾ ಬಹಳ ಹಳಬರು.

ಒಂದು ಕಲ್ಪಿತ ಲೆಕ್ಕ ತೆಗೆದುಕೊಳ್ಳಿ. ಮೆಕ್ಯಾನಿಕಲ್ ಮೇಂಟೆನೆನ್ಸ್ ಇಂಜಿನಿಯರ್ ಹುದ್ದೆ, ನಡುಬಿಂದು ತಿಂಗಳಿಗೆ 60,000, ತಳ 48,000, ತುದಿ 72,000. ಗುತ್ತಿಗೆ ಸಂಸ್ಥೆಯೊಂದರಲ್ಲಿ ನಾಲ್ಕು ವರ್ಷ ದುಡಿದ ಹುಡುಗಿಯೊಬ್ಬಳು ಅರ್ಜಿ ಹಾಕಿದ್ದಾಳೆ. ಈಗಿನ ಸಂಬಳ 38,000. ಹಳೆಯ ಸಂಬಳಕ್ಕೆ ಶೇ 25 ಸೇರಿಸುವುದು ಸುಲಭದ ದಾರಿ. ಆಗ 47,500 ಬರುತ್ತದೆ. ಅದು ತಳಕ್ಕಿಂತ ಕಡಿಮೆ, ಆದ್ದರಿಂದ 48,000 ಕೊಟ್ಟು ಕೈತೊಳೆದುಕೊಳ್ಳಬಹುದು. ಆದರೆ ಅದು 0.80. ನಾಲ್ಕು ವರ್ಷ ಗೇರ್‌ಬಾಕ್ಸು, ಬೇರಿಂಗುಗಳ ಜೊತೆ ಹೆಣಗಿದವಳನ್ನು ಕಾಲೇಜಿನಿಂದ ನಿನ್ನೆ ಬಂದವರ ಪಕ್ಕ ಕೂರಿಸಿದಂತೆ. ಗುತ್ತಿಗೆದಾರ ಕಡಿಮೆ ಕೊಟ್ಟದ್ದಕ್ಕೆ ಅವಳು ಹೊಸ ಕಡೆಯಲ್ಲೂ ದಂಡ ತೆರಬೇಕೇ?

ಕೆಲಸ ಬಲ್ಲ ಎಚ್‌ಆರ್ ಬೇರೆ ಕಡೆಯಿಂದ ಶುರುಮಾಡುತ್ತಾರೆ. ಶಟ್‌ಡೌನ್ ಸಮಯದಲ್ಲಿ ಒಂದು ಪಾಳಿಯನ್ನು ಅವಳೊಬ್ಬಳೇ ನಿಭಾಯಿಸಬಲ್ಲಳೇ ಎಂದು ವಿಭಾಗದ ಮುಖ್ಯಸ್ಥರನ್ನು ಕೇಳುತ್ತಾರೆ. ಆರು ತಿಂಗಳು ಜೊತೆಗೊಬ್ಬರು ಬೇಕು ಎಂಬ ಉತ್ತರ ಬಂದರೆ 0.88ರ ಸುತ್ತ ಇಡಬಹುದು, ಅಂದರೆ 52,800. ಆಮೇಲೆ ಅದೇ ತಂಡದವರ ಪಟ್ಟಿ ತೆರೆಯುತ್ತಾರೆ. ಐದು ವರ್ಷ ಅನುಭವದ ಇಂಜಿನಿಯರ್‌ಗೆ 54,000 ಇದೆ, ಅಂದರೆ 0.90. ಅವರಿಗಿಂತ ಸ್ವಲ್ಪ ಕೆಳಗೆ 52,800 ಒಪ್ಪುತ್ತದೆ. ಹಳೆಯ ಸಂಬಳಕ್ಕೆ ಹೋಲಿಸಿದರೆ ಇದು ಶೇ 39ರ ಏರಿಕೆ, ಮೇಲಿನವರು ಹುಬ್ಬೇರಿಸುತ್ತಾರೆ. ಆದರೆ ಇಲ್ಲಿ ನೋಡಬೇಕಾದದ್ದು ಏರಿಕೆಯಲ್ಲ, ಅವಳು ಶ್ರೇಣಿಯಲ್ಲಿ ಎಲ್ಲಿ ನಿಲ್ಲುತ್ತಾಳೆ ಎಂಬುದು.

ಅವಳು 57,000ಕ್ಕೆ ಪಟ್ಟು ಹಿಡಿದಳೆನ್ನಿ. ಆಗ ಐದು ವರ್ಷದವರು ಹಿಂದೆ ಬೀಳುತ್ತಾರೆ. ಒಂದೋ ಅವರ ಸಂಬಳವನ್ನೂ ಏರಿಸಬೇಕು, ಇಲ್ಲವೇ ಅವಳಿಗೆ ಆಗುವುದಿಲ್ಲ ಎನ್ನಬೇಕು. ಎರಡೂ ಮಾಡದ ಕಡೆ ಕೆಲವೇ ತಿಂಗಳಲ್ಲಿ ಕ್ಯಾಂಟೀನಿನಲ್ಲಿ ಸುದ್ದಿ ಹಬ್ಬಿ ಹಳಬರ ರಾಜೀನಾಮೆ ಬರುತ್ತದೆ.

ಈ ರೇಶಿಯೊ ಸುಮ್ಮನೆ ಕುಸಿಯುವುದೂ ಉಂಟು. ಕಳೆದ ವರ್ಷ ನಡುಬಿಂದು 56,000 ಇದ್ದಾಗ ಅದೇ 54,000ದವರು 0.96ರಲ್ಲಿದ್ದರು. ಪೇಟೆ ಏರಿತೆಂದು ನಡುಬಿಂದುವನ್ನು 60,000 ಮಾಡಿದರು, ಇವರ ಸಂಬಳ ಮುಟ್ಟಲಿಲ್ಲ, 0.90ಕ್ಕೆ ಇಳಿದರು. ಹೊಸಬರ ಆಫರ್ ಮಾತ್ರ ಹೊಸ ನಡುಬಿಂದುವಿನ ಲೆಕ್ಕದಲ್ಲಿ ಹೋಗುತ್ತದೆ. ಹಳಬರಿಗಿಂತ ಹೊಸಬರಿಗೆ ಹೆಚ್ಚು ಸಿಗುವುದರ ಹಿಂದೆ ಬಹಳ ಸಲ ಇರುವುದು ಇಷ್ಟೇ.

ಸರ್ಕಾರಿ ಶ್ರೇಣಿಯ 40,000ವನ್ನು ಖಾಸಗಿಯ 52,800ರ ಪಕ್ಕ ಇಟ್ಟು ತೂಗಬೇಡಿ. ಮೊದಲನೆಯದು ಬರೀ ಮೂಲ ವೇತನ. ತುಟ್ಟಿಭತ್ಯೆ, ಮನೆ ಬಾಡಿಗೆ ಭತ್ಯೆ, ಇತರ ಸೌಲಭ್ಯಗಳು ಅದರ ಮೇಲೆ ಸೇರುತ್ತವೆ. ಖಾಸಗಿಯವರು ಹೇಳುವ ಸಿಟಿಸಿಯಲ್ಲಿ ಕಂಪನಿ ಕಟ್ಟುವ ಪಿಎಫ್ ಕೂಡ ಸೇರಿರುತ್ತದೆ, ಗ್ರ್ಯಾಚುಟಿಯನ್ನೂ ಎಷ್ಟೋ ಕಡೆ ಸೇರಿಸಿರುತ್ತಾರೆ. ಸಂದರ್ಶನಕ್ಕೆ ಹೋದಾಗ ನಿಮ್ಮ ಹಳೆಯ ಪೇ ಸ್ಲಿಪ್ ಕೇಳಿದರೆ, ಈ ಹುದ್ದೆಯ ನಡುಬಿಂದು ಎಷ್ಟು, ಅದು ಮೂಲ ವೇತನದ ಲೆಕ್ಕವೋ ಸಿಟಿಸಿಯದೋ ಎಂದು ನೀವೂ ಕೇಳಿ.