ಕಣ್ಣುರಿಯ ಮೂಲ ಹಣೆಯಲ್ಲಿತ್ತು

ಒಂದು ಶನಿವಾರ ಖೋ ಖೋ ಅಭ್ಯಾಸ ಮುಗಿಸಿ ಬಂದ ಮೊಮ್ಮಗಳು "ತಾತಾ, ಕಣ್ಣು ಉರೀತಿದೆ" ಎಂದು ಎರಡೂ ಕಣ್ಣು ಉಜ್ಜಿಕೊಳ್ಳುತ್ತಾ ಬಾಗಿಲಲ್ಲೇ ನಿಂತಳು. ಮೈದಾನದ ಧೂಳು ಬಿದ್ದಿರಬೇಕು ಎಂದುಕೊಂಡೆ.

"ಬೆಳಿಗ್ಗೆ ಸನ್‌ಸ್ಕ್ರೀನ್ ಹಚ್ಚಿಕೊಂಡಿದ್ದೆಯಾ?" ಎಂದು ಅವಳಮ್ಮ ಕೇಳಿದಳು.

"ಹಣೆಗೆ, ಕೆನ್ನೆಗೆ ಹಚ್ಚಿದ್ದೆ ಅಮ್ಮ. ಕಣ್ಣಿಗೆ ಹಚ್ಚಲೇ ಇಲ್ಲ!"

ಕಾರಣ ಅಲ್ಲೇ ಇತ್ತು. ಓಡಿದಾಗ ಹಣೆಯ ಬೆವರು ಕ್ರೀಮನ್ನೂ ಕರಗಿಸಿಕೊಂಡು ಹುಬ್ಬು ದಾಟಿ ಕಣ್ಣಿಗಿಳಿದಿತ್ತು. ಕ್ರೀಮು ಮೆತ್ತಿದ ಬೆರಳಿನಿಂದ ಉಜ್ಜಿದ್ದರಿಂದ ಉರಿ ಇನ್ನೂ ಹೆಚ್ಚಿತ್ತು. ರೆಪ್ಪೆಯ ಚರ್ಮ ನಮ್ಮ ಮೈಯಲ್ಲೇ ಅತ್ಯಂತ ತೆಳು. ಕೆನ್ನೆ ತಡೆದುಕೊಳ್ಳುವುದನ್ನು ಅದು ತಡೆದುಕೊಳ್ಳುವುದಿಲ್ಲ.

ಮೊದಲು ಅವಳ ಕೈಗಳನ್ನು ಸೋಪಿನಿಂದ ತೊಳೆಸಿದೆವು. ಆಮೇಲೆ ಕಣ್ಣು ತೆರೆದು ಮಿಟುಕಿಸುತ್ತಿರಲು ಹೇಳಿ, ಶುದ್ಧವಾದ ತಣ್ಣೀರನ್ನು ಹತ್ತು ನಿಮಿಷ ನಿಧಾನವಾಗಿ ಹರಿಸಿದೆವು. ಅರ್ಧ ಗಂಟೆಯಲ್ಲಿ ಉರಿ ಇಳಿಯಿತು. ತೊಳೆದ ಮೇಲೂ ನೋವು ನಿಲ್ಲದಿದ್ದರೆ, ಕಣ್ಣು ಮಂಜಾದರೆ, ಬೆಳಕು ನೋಡಲಾಗದಿದ್ದರೆ ಕಣ್ಣಿನ ವೈದ್ಯರಲ್ಲಿಗೆ ಹೋಗಲೇಬೇಕು.

ಎಲ್ಲ ತೊಂದರೆಯೂ ಇಷ್ಟು ಬೇಗ ಹೋಗುವುದಿಲ್ಲ. ಹಚ್ಚಿದ ಕೂಡಲೇ ಉರಿದು, ತೊಳೆದರೆ ಕಡಿಮೆಯಾಗುವುದು ಬರೀ ಕಿರಿಕಿರಿ. ಒಂದೆರಡು ದಿನ ಬಿಟ್ಟು ರೆಪ್ಪೆ ತುರಿಸಿ, ಊದಿ, ಸಿಪ್ಪೆ ಏಳತೊಡಗಿದರೆ ಅದು ಅಲರ್ಜಿ ಇರಬಹುದು. ಆಗ ಆ ಕ್ರೀಮು ನಿಲ್ಲಿಸಿ, ಟ್ಯೂಬನ್ನೇ ತೆಗೆದುಕೊಂಡು ಹೋಗಿ ಚರ್ಮದ ವೈದ್ಯರಿಗೆ ತೋರಿಸಿ. ಮನೆಯಲ್ಲಿರುವ ಸ್ಟೀರಾಯ್ಡ್ ಮುಲಾಮನ್ನು ನೀವೇ ರೆಪ್ಪೆಗೆ ಹಚ್ಚಬೇಡಿ.

ಬ್ಯಾಂಕಿನಲ್ಲಿ ಸಣ್ಣ ಅಕ್ಷರ ಓದಿ ಅಭ್ಯಾಸವಾದ ನಾನು ಅವಳ ಟ್ಯೂಬಿನ ಹಿಂಭಾಗ ಓದಿದೆ. ಅವೊಬೆಂಜೋನ್ ಇತ್ತು, ಸುವಾಸನೆಯೂ ಇತ್ತು. ಅವೊಬೆಂಜೋನ್‌ನಂಥ ರಾಸಾಯನಿಕಗಳು ಕೆಲವರ ಕಣ್ಣಿಗೆ ಉರಿ ತರುತ್ತವೆ. ಝಿಂಕ್ ಆಕ್ಸೈಡ್ ಅಥವಾ ಟೈಟಾನಿಯಂ ಡೈಆಕ್ಸೈಡ್ ಮಾತ್ರ ಇರುವ, ಸುವಾಸನೆಯಿಲ್ಲದ ಸನ್‌ಸ್ಕ್ರೀನ್ ಸಾಮಾನ್ಯವಾಗಿ ಸೌಮ್ಯ. ಮುಖ ಸ್ವಲ್ಪ ಬೆಳ್ಳಗೆ ಕಾಣುತ್ತದೆ, ಅಷ್ಟೇ. ಕಡ್ಡಿಯಂತೆ ಗಟ್ಟಿಯಾಗಿರುವ ಸ್ಟಿಕ್ ಸಿಕ್ಕರೆ ಹಣೆಗೆ ಅದು ಒಳ್ಳೆಯದು, ಸುಲಭಕ್ಕೆ ಜಾರುವುದಿಲ್ಲ.

ಹೊಸ ಟ್ಯೂಬನ್ನು ನೇರವಾಗಿ ಮುಖಕ್ಕೆ ಹಚ್ಚಲಿಲ್ಲ. ಮೊಣಕೈ ಒಳಮಡಿಕೆಯಲ್ಲಿ ನಾಣ್ಯದಷ್ಟು ಜಾಗಕ್ಕೆ ದಿನಕ್ಕೆರಡು ಸಲದಂತೆ ಒಂದು ವಾರ ಹಚ್ಚಿ ನೋಡಿದೆವು. ಕೆಂಪಾಗಲಿಲ್ಲ, ತುರಿಸಲಿಲ್ಲ.

ಈಗ ಅವಳು ಹೊರಡುವುದಕ್ಕೆ ಕಾಲು ಗಂಟೆ ಮುಂಚೆ, ರೆಪ್ಪೆ ಬಿಟ್ಟು ಹಚ್ಚಿಕೊಳ್ಳುತ್ತಾಳೆ. ರೆಪ್ಪೆಗೆ ನೆರಳು ಕೊಡಲು ಅಗಲ ಅಂಚಿನ ಟೋಪಿ ಇದೆ. ಬೆವರನ್ನು ಉಜ್ಜದೆ, ಹುಬ್ಬಿನ ಮೇಲೇ ಕರವಸ್ತ್ರ ಒತ್ತಿ ತೆಗೆಯುತ್ತಾಳೆ. ವಾಕಿಂಗ್‌ಗೆ ಹೊರಡುವಾಗ ನನಗೂ ಅವಳದೇ ಆಜ್ಞೆ: "ತಾತಾ, ಟೋಪಿ!"