ಟೆಂಪೋ ಕೊಳ್ಳಲೋ, ಎಣ್ಣೆ ಮಿಲ್ಲು ಹಾಕಲೋ?

ಸೌದಿಯ ದಮ್ಮಾಮಿನಲ್ಲಿ ಕಂಪನಿಯೊಂದರ ಲಾರಿ ಓಡಿಸುವ ಕುಂದಾಪುರ ಕಡೆಯ ಚಾಲಕನೊಬ್ಬ ಊರಿಗೆ ಮರಳಬೇಕೆಂದಿದ್ದಾನೆ. ಅಲ್ಲಿ ಒಂಬತ್ತು ವರ್ಷ ಕಳೆದಿದೆ, ಬ್ಯಾಂಕಿನಲ್ಲಿ 5 ಲಕ್ಷ ರೂಪಾಯಿ ಇದೆ. ತಲೆಯಲ್ಲಿರುವುದು ಎರಡು ಯೋಚನೆ. ಒಂದೋ ಟಾಟಾ ಏಸ್ ತೆಗೆದು ಬಾಡಿಗೆಗೆ ಓಡಿಸುವುದು, ಇಲ್ಲವೇ ಮನೆಯ ಪಕ್ಕದ ಶೆಡ್ಡಿನಲ್ಲಿ ಕೊಬ್ಬರಿ ಎಣ್ಣೆ ಮಿಲ್ಲು ಹಾಕುವುದು. ಇದು ಒಬ್ಬನೇ ವ್ಯಕ್ತಿಯ ಕಥೆಯಲ್ಲ. ಕರಾವಳಿಯ ಎಷ್ಟೋ ಮನೆಗಳ ಮಾತುಕತೆಯನ್ನು ಒಬ್ಬ ಚಾಲಕನ ಕಥೆಯಾಗಿ ಹೇಳುತ್ತಿದ್ದೇನೆ. ಬಾಡಿಗೆ, ಕೂಲಿಯ ಅಂಕಿಗಳು ಲೆಕ್ಕ ಕಾಣಲೆಂದು ಇಟ್ಟುಕೊಂಡವು, ಓದುವವರು ತಮ್ಮೂರಿನ ದರ ಹಾಕಿ ನೋಡಬಹುದು.

ಅವನ ಮೊದಲ ಲೆಕ್ಕ ಊರಿನದ್ದಲ್ಲ, ಸೌದಿಯದ್ದೇ. ಅಲ್ಲಿನ ಕಾರ್ಮಿಕ ಕಾನೂನಿನ ಪ್ರಕಾರ ಕಂಪನಿ ನೌಕರನಿಗೆ ಮೊದಲ ಐದು ವರ್ಷಕ್ಕೆ ವರ್ಷಕ್ಕೆ ಅರ್ಧ ತಿಂಗಳ ಸಂಬಳ, ಆಮೇಲಿನ ಪ್ರತಿ ವರ್ಷಕ್ಕೆ ಒಂದು ತಿಂಗಳ ಸಂಬಳ ಸೇವಾಂತ್ಯದ ಹಣವಾಗಿ ಬರಬೇಕು. 2,000 ರಿಯಾಲ್ ಸಂಬಳದವನಿಗೆ ಒಂಬತ್ತು ವರ್ಷಕ್ಕೆ ಅದು 13,000 ರಿಯಾಲ್. ಆದರೆ ಐದು ವರ್ಷ ದಾಟಿ ಹತ್ತು ತುಂಬುವ ಮೊದಲು ತಾನಾಗಿ ರಾಜೀನಾಮೆ ಕೊಟ್ಟರೆ ಸಿಗುವುದು ಮೂರನೇ ಎರಡು ಭಾಗ ಮಾತ್ರ. ಒಪ್ಪಂದದ ಅವಧಿ ಮುಗಿಸಿ, ನವೀಕರಿಸದೆ ಹೊರಟರೆ ಪೂರ್ತಿ ಸಿಗುತ್ತದೆ. ರಿಯಾಲಿಗೆ 23 ರೂಪಾಯಿ ಹಿಡಿದರೂ ವ್ಯತ್ಯಾಸ ಹತ್ತಿರ ಹತ್ತಿರ 1 ಲಕ್ಷ. ಮನೆಯವರು ಕರೆದರೆಂದು ಅವಸರದಲ್ಲಿ ರಾಜೀನಾಮೆ ಬರೆದು ಈ ಹಣ ಬಿಟ್ಟು ಬರುವುದು ನನಗೆ ಬಹಳ ಸಂಕಟದ ಸಂಗತಿಯಾಗಿ ಕಾಣುತ್ತದೆ, ಏಕೆಂದರೆ ಕಾಯಬೇಕಾದದ್ದು ಕೆಲವೇ ತಿಂಗಳು.

ಇನ್ನು ಟೆಂಪೋ. ಡ್ರೈವರಿಗೆ ಮೊದಲು ಹೊಳೆಯುವುದು ಗಾಡಿಯೇ. 2005ರಲ್ಲಿ ಬಂದ ಏಸ್ ಹಳ್ಳಿ ರಸ್ತೆಯಲ್ಲೂ ನುಗ್ಗುತ್ತದೆ, ‘ಛೋಟಾ ಹಾಥಿ’ ಎಂದೇ ಹೆಸರಾಗಿದೆ. ಒಟ್ಟು ತೂಕ 3,000 ಕೆ.ಜಿ. ಮೀರದ ಸರಕು ಗಾಡಿಗೆ ಪರ್ಮಿಟ್ಟಿನ ತಲೆನೋವೂ ಇಲ್ಲ. ದಿನಕ್ಕೆ ಎರಡು ಬಾಡಿಗೆ, 1,800 ರೂಪಾಯಿ ಎಂದು ಸ್ನೇಹಿತರು ಹೇಳಿದಾಗ ಅವನು ಮೂವತ್ತರಿಂದ ಗುಣಿಸಿ 54,000 ಎಂದುಕೊಂಡ.

ತಪ್ಪು ಗುಣಾಕಾರದಲ್ಲೇ ಇತ್ತು. ಬಾಡಿಗೆ ಸಿಗುವುದು ತಿಂಗಳಿಗೆ 22 ದಿನ ಎಂದಿಟ್ಟುಕೊಳ್ಳಿ. ಡೀಸೆಲ್ಲಿಗೆ ದಿನಕ್ಕೆ 600, ಏಕೆಂದರೆ ಗಿರಾಕಿ ಹೋಗುವ ದಾರಿಗೆ ಮಾತ್ರ ದುಡ್ಡು ಕೊಡುತ್ತಾನೆ, ಗಾಡಿ ಖಾಲಿಯಾಗಿ ವಾಪಸು ಬರುವ ಖರ್ಚು ಮಾಲೀಕನದ್ದೇ. ಉಳಿದದ್ದು 26,400. ಗಾಡಿಯ ಬೆಲೆ 6 ಲಕ್ಷ, ಕೈಯಿಂದ 2 ಲಕ್ಷ, ಉಳಿದ 4 ಲಕ್ಷಕ್ಕೆ ನಾಲ್ಕು ವರ್ಷದ ಸಾಲ, ಬಡ್ಡಿ ಶೇ. 11 ಎಂದರೆ ಕಂತು ತಿಂಗಳಿಗೆ ಸುಮಾರು 10,300. ವಿಮೆಗೆ 2,500, ಟೈರು-ಸರ್ವಿಸಿಗೆ 3,000 ತೆಗೆದಿಟ್ಟರೆ ಕೈಗೆ ಬರುವುದು 10,600. ಬೇರೆಯವರ ಗಾಡಿ ಓಡಿಸಿದರೂ ಊರಿನಲ್ಲಿ 18,000 ಸಂಬಳ ಸಿಗುವಾಗ, ಸ್ವಂತ ಗಾಡಿಯಲ್ಲಿ ಅವನು ಅದಕ್ಕಿಂತ ಕಡಿಮೆಗೆ ದುಡಿಯುತ್ತಿದ್ದಾನೆ. ಸಾಲ ತೀರಿದ ಮೇಲೆ ಆದಾಯ ಏರುತ್ತದೆ ನಿಜ, ಅಷ್ಟರಲ್ಲಿ ಗಾಡಿ ಹಳತಾಗಿ ರಿಪೇರಿಯೂ ಏರಿರುತ್ತದೆ.

ಈ ಲೆಕ್ಕವನ್ನು ಸರಿಮಾಡಿಕೊಳ್ಳಲು ಹಲವರು ಲೋಡಿನ ಮೇಲೆ ಕೈ ಹಾಕುತ್ತಾರೆ. ಏಸ್ ಹೊರಬಹುದಾದದ್ದು ಸುಮಾರು 750 ಕೆ.ಜಿ., ಅಂದರೆ 50 ಕೆ.ಜಿ.ಯ ಸಿಮೆಂಟು ಮೂಟೆ ಹದಿನೈದು. ಅಂಗಡಿಯವನು ‘ಇಪ್ಪತ್ತೈದು ಹಾಕು, ಒಂದೇ ಟ್ರಿಪ್ಪಿನಲ್ಲಿ ಮುಗಿಯಲಿ’ ಎನ್ನುತ್ತಾನೆ. ಆ ಹತ್ತು ಮೂಟೆಯ ಲಾಭ ಪಟ್ಟೆ, ಬ್ರೇಕು, ಟೈರಿಗೆ ಹೋಗುತ್ತದೆ. ಕರಾವಳಿಯಲ್ಲಿ ಇನ್ನೊಂದು ಕಷ್ಟವಿದೆ. ಜೂನ್ ಬಂದರೆ ಮನೆ ಕಟ್ಟುವ ಕೆಲಸ ನಿಲ್ಲುತ್ತದೆ, ಸ್ಟ್ಯಾಂಡಿನಲ್ಲಿ ಗಾಡಿಗಳ ಸಾಲು ಉದ್ದವಾಗುತ್ತದೆ. ಕಂತು ಮಾತ್ರ ಮಳೆಗಾಲ ನೋಡುವುದಿಲ್ಲ.

ಮಿಲ್ಲಿನ ಯೋಚನೆ ಹೆಂಡತಿಯದು. ಆಸುಪಾಸಿನವರೆಲ್ಲ ಒಣಗಿಸಿದ ಕೊಬ್ಬರಿಯನ್ನು ಪೇಟೆಗೆ ಹೊತ್ತೊಯ್ಯುವುದನ್ನು ಆಕೆ ದಿನವೂ ನೋಡುತ್ತಾಳೆ. ಅವರ ಕೊಬ್ಬರಿಯನ್ನು ಕೆ.ಜಿ.ಗೆ 10 ರೂಪಾಯಿ ಕೂಲಿಗೆ ಹಿಂಡಿಕೊಡುವುದು, ಎಣ್ಣೆಯೂ ಹಿಂಡಿಯೂ ತಂದವರದ್ದೇ. ಚೆನ್ನಾಗಿ ಒಣಗಿದ ಹತ್ತು ಕೆ.ಜಿ. ಕೊಬ್ಬರಿಯಿಂದ ಆರು ಕೆ.ಜಿ.ಗೂ ತುಸು ಹೆಚ್ಚು ಎಣ್ಣೆ ಇಳಿಯುತ್ತದೆ. ಯಂತ್ರ, ಮೋಟರು, ತ್ರೀಫೇಸ್ ಕರೆಂಟು ಸೇರಿ 5 ಲಕ್ಷ, ಸಾಲ ಬೇಡ.

ಇಲ್ಲಿ ಎಲ್ಲವೂ ತೇವದ ಮೇಲೆ ನಿಂತಿದೆ. ಕೊಬ್ಬರಿಯಲ್ಲಿ ನೀರಿನಂಶ ಶೇ. 6ರ ಆಸುಪಾಸಿಗೆ ಇಳಿದಿರಬೇಕು. ಅನುಭವಿಗಳು ಒಂದು ಹೋಳನ್ನು ಕೈಯಲ್ಲಿ ಬಗ್ಗಿಸಿ ನೋಡುತ್ತಾರೆ. ಟಕ್ಕೆಂದು ಮುರಿದರೆ ಒಣಗಿದೆ, ಬಳುಕಿ ಹರಿದರೆ ಇನ್ನೆರಡು ಬಿಸಿಲು ಬೇಕು. ಹಸಿ ಇದ್ದುದನ್ನು ಹಾಕಿದರೆ ಎಣ್ಣೆ ಮಸುಕಾಗಿ ಬೇಗ ಮುಗ್ಗಲು ವಾಸನೆ ಹಿಡಿಯುತ್ತದೆ, ಜನ ಮಿಲ್ಲನ್ನೇ ದೂರುತ್ತಾರೆ. ಬೂಸ್ಟು ಹಿಡಿದದ್ದನ್ನಂತೂ ವಾಪಸು ಕಳಿಸುವುದೇ ಸರಿ, ಅದರಲ್ಲಿ ವಿಷಾಂಶ ಬೆಳೆದಿರಬಹುದು. ‘ಮಳೆಗಾಲದಲ್ಲಿ ಜನ ಕೊಬ್ಬರಿ ಒಣಗಿಸುವುದು ಎಲ್ಲಿ ಮಾರಾಯ್ರೆ? ಆ ತಿಂಗಳುಗಳನ್ನು ಬಿಟ್ಟು ಲೆಕ್ಕ ಹಾಕಿ’ ಎಂದು ಫೋನಿನಲ್ಲಿ ಹೆಂಡತಿಯೇ ಎಚ್ಚರಿಸಿದಳು.

ಹಾಗೆಯೇ ಹಾಕಿದ. ಒಣ ಹವೆಯ ಆರು ತಿಂಗಳು ದಿನಕ್ಕೆ ಮೂರು ಮನೆಯವರು ತಲಾ 30 ಕೆ.ಜಿ. ತಂದರೆ ತಿಂಗಳಿಗೆ 26 ದಿನಕ್ಕೆ 23,400 ಕೂಲಿ. ಕರೆಂಟು, ಬಿಡಿಭಾಗಕ್ಕೆ 7,000 ಕಳೆದು 16,400. ಉಳಿದ ಆರು ತಿಂಗಳು ತಿಂಗಳಿಗೆ 2,500 ಉಳಿದರೆ ಹೆಚ್ಚು. ವರ್ಷದ ಸರಾಸರಿ ತಿಂಗಳಿಗೆ 9,450. ಟೆಂಪೋದ ಆದಾಯಕ್ಕಿಂತ ಇದೂ ಕಡಿಮೆಯೇ, ಮೇಲಾಗಿ ಹಾಕಿದ ಬಂಡವಾಳ ಎರಡೂವರೆ ಪಟ್ಟು.

ಆದರೂ ನಾನಾದರೆ ಮಿಲ್ಲಿನ ಕಡೆಗೇ ವಾಲುತ್ತೇನೆ. ಟೆಂಪೋ ಅವನ ಹಣವನ್ನೂ ಇಡೀ ದಿನವನ್ನೂ ಒಟ್ಟಿಗೆ ಕೇಳುತ್ತದೆ. ಸಂಬಳದ ಡ್ರೈವರನ್ನು ಇಟ್ಟರೆ ತಿಂಗಳಿಗೆ 7,400 ಕೈಯಿಂದಲೇ ಹೋಗುತ್ತದೆ. ಮಿಲ್ಲನ್ನು ಅರ್ಧ ದಿನ ಹೆಂಡತಿ ನಡೆಸುತ್ತಾಳೆ, ಆ 9,450 ಬಹುಪಾಲು ಆಕೆಯ ದುಡಿಮೆಯ ಬೆಲೆ ಎಂಬುದನ್ನು ಮನೆಯವರು ಒಪ್ಪಬೇಕು. ಅವನು ಬೇರೆಯವರ ಗಾಡಿಯಲ್ಲಿ 18,000ಕ್ಕೆ ಡ್ರೈವರಾಗಬಹುದು. ಇಬ್ಬರದೂ ಸೇರಿ 27,000 ದಾಟುತ್ತದೆ, ಕಂತಿನ ಭಯವಿಲ್ಲ. ಗೊತ್ತಿರುವ ವಿದ್ಯೆಯನ್ನು ಸಂಬಳಕ್ಕೆ ಕೊಟ್ಟು, ಹಣವನ್ನು ತಾನಿಲ್ಲದೆಯೂ ನಡೆಯುವ ಕೆಲಸಕ್ಕೆ ಹಾಕುವ ದಾರಿ ಇದು.

ಇದಕ್ಕೆ ಎರಡು ಷರತ್ತುಗಳಿವೆ. ದಿನಕ್ಕೆ ಮೂರು ಮನೆಯೆಂದರೆ ಆರು ತಿಂಗಳಿಗೆ 468 ಸರದಿ. ಒಂದು ಮನೆಯವರು ಎರಡು ಸಲ ಬಂದರೂ 234 ಮನೆ ಬೇಕು. ಸುತ್ತಮುತ್ತ ಅಷ್ಟು ತೆಂಗಿನ ತೋಟದ ಮನೆಗಳಿವೆಯೇ, ನಡುವೆ ಬೇರೆ ಮಿಲ್ಲಿದೆಯೇ ಎಂದು ಹೆಂಡತಿ ಈಗಲೇ ಎಣಿಸಬಹುದು. ಇಲ್ಲದಿದ್ದರೆ ಯಂತ್ರ ತರುವ ಮಾತೇ ಬೇಡ. ಎರಡನೆಯದು ಅವನ ಲೈಸೆನ್ಸು. ಭಾರತದ ಚಾಲನಾ ಪರವಾನಗಿಯ ಅವಧಿ ಮುಗಿದು ಒಂದು ವರ್ಷ ದಾಟಿದ್ದರೆ ಮತ್ತೆ ಪರೀಕ್ಷೆ ಕೊಡಬೇಕು, ಸೌದಿಯಲ್ಲಿ ಎಷ್ಟೇ ವರ್ಷ ಲಾರಿ ಓಡಿಸಿದ್ದರೂ ಸರಿ. ಪರವಾನಗಿ ಊರ್ಜಿತವಾಗಿದ್ದರೆ ಅನುಕೂಲವಿದೆ: 7,500 ಕೆ.ಜಿ.ಗಿಂತ ಕಡಿಮೆ ತೂಕದ ಸರಕು ಗಾಡಿಯನ್ನು ಲಘು ವಾಹನದ ಲೈಸೆನ್ಸಿನಲ್ಲೇ ಓಡಿಸಬಹುದೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರಿನಲ್ಲಿ ತೀರ್ಪು ಕೊಟ್ಟಿದೆ.

ಕಥೆಯ ಚಾಲಕ ಒಪ್ಪಂದ ಮುಗಿಯುವವರೆಗೆ ದಮ್ಮಾಮಿನಲ್ಲೇ ಇರುತ್ತಾನೆ. ಈ ಸಲದ ರಜೆಯನ್ನು ಜುಲೈಗೆ ಹಾಕಿಕೊಂಡಿದ್ದಾನೆ. ಮಳೆಯಲ್ಲಿ ಸ್ಟ್ಯಾಂಡಿನ ಗಾಡಿಗಳಿಗೆ ಎಷ್ಟು ಬಾಡಿಗೆ ಸಿಗುತ್ತದೆ, ಪೇಟೆಯ ಮಿಲ್ಲು ದಿನಕ್ಕೆ ಎಷ್ಟು ಹೊತ್ತು ಓಡುತ್ತದೆ ಎಂದು ಎರಡನ್ನೂ ಕೂತು ನೋಡಿದ ಮೇಲೆಯೇ ಮುಂಗಡ ಕೊಡುವುದೆಂದು ಗಂಡ ಹೆಂಡತಿ ಮಾತಾಡಿಕೊಂಡಿದ್ದಾರೆ.