ವಿಳಾಸ ಕೇಳುವ ದಾರಿಯ ಇಬ್ಬರು ಕಳ್ಳರು

ಜಾಲತಾಣದ ಹೆಸರಿಗೆ ಐಪಿ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ಸರ್ವರ್, ಸಿಕ್ಕ ಉತ್ತರವನ್ನು ಕೆಲಕಾಲ ನೆನಪಿಟ್ಟುಕೊಳ್ಳುತ್ತದೆ. ಆ ನೆನಪಿಗೇ ಸುಳ್ಳು ತುಂಬುವುದು ಕ್ಯಾಶ್ ಪಾಯಿಸನಿಂಗ್. ಪ್ರಶ್ನೆಯ ಗುರುತಿನ ಸಂಖ್ಯೆ 65,536ರಲ್ಲೊಂದು. ಅಸಲಿ ಉತ್ತರಕ್ಕಿಂತ ಮೊದಲೇ ಅದನ್ನು ಸರಿಯಾಗಿ ಊಹಿಸಿದ ನಕಲಿ ಗೆಲ್ಲುತ್ತದೆ. ಸೋತವನು ಕ್ಯಾಶ್ ಅವಧಿ ಮುಗಿಯುವವರೆಗೆ ಕಾಯಲೇಬೇಕೆಂಬ ನೆಮ್ಮದಿಯನ್ನು 2008ರಲ್ಲಿ ಡ್ಯಾನ್ ಕಾಮಿನ್ಸ್ಕಿ ಕೆಡಿಸಿದರು: ಇಲ್ಲದ ಉಪಹೆಸರುಗಳನ್ನು ಒಂದರ ಹಿಂದೊಂದು ಕೇಳಿಸಿದರೆ ಪ್ರತಿಸಲವೂ ಹೊಸ ಅವಕಾಶ. ಆಗ ಹಚ್ಚಿದ ತೇಪೆ, ಪ್ರಶ್ನೆ ಹೊರಡುವ ಪೋರ್ಟನ್ನೂ ಊಹೆಗೆ ಸಿಗದಂತೆ ಬದಲಿಸುವುದು. ಗಟ್ಟಿ ಮದ್ದು, ಉತ್ತರಕ್ಕೆ ಸಹಿ ಹಾಕುವ ಡಿಎನ್‌ಎಸ್‌ಸೆಕ್.

ಟನಲಿಂಗ್‌ಗೆ ಆ ಸಹಿ ಅಡ್ಡಿಯೇ ಅಲ್ಲ. ಅಲ್ಲಿ ಉತ್ತರ ನಕಲಿಯಲ್ಲ. ಕಂಪ್ಯೂಟರಿಗೆ ಹೊಕ್ಕ ಮಾಲ್‌ವೇರ್, ಕದ್ದ ಮಾಹಿತಿಯನ್ನು ಹೆಸರಿನೊಳಗೇ ತುರುಕಿ ಕಳ್ಳನ ಡೊಮೇನಿಗೆ ಪ್ರಶ್ನೆಯಾಗಿ ಕಳಿಸುತ್ತದೆ. ಚುಕ್ಕಿಗಳ ನಡುವೆ 63 ಅಕ್ಷರವಷ್ಟೇ ಹಿಡಿಸುವುದರಿಂದ ದೊಡ್ಡ ಕಡತಕ್ಕೆ ಸಾವಿರಾರು ಪ್ರಶ್ನೆ ಬೇಕು. ಒಂದೇ ಡೊಮೇನಿಗೆ ಉದ್ದುದ್ದ, ಅರ್ಥವಿಲ್ಲದ ಹೆಸರುಗಳ ಸಾಲು ಲಾಗ್‌ನಲ್ಲಿ ಕಂಡರೆ ಅದನ್ನು ತಡೆಹಿಡಿಯಬೇಕು. ನಿಧಾನವಾಗಿ ತೊಟ್ಟಿಕ್ಕಿಸುವ ಕಳ್ಳ ಮಾತ್ರ ಸುಲಭಕ್ಕೆ ಸಿಗುವುದಿಲ್ಲ.